ರಜೆ ಅರ್ಜಿಯಲ್ಲಿ ದಿನಾಂಕ ಇರಲಿ

ಕಾಲು ಮುರಿದುಕೊಂಡು ಮನೆಯಲ್ಲಿದ್ದ ಅಣ್ಣನಿಗಾಗಿ ನಾನು ಬರೆದ ಮೊದಲ ಅರ್ಜಿಯಲ್ಲಿ ‘ಗುಣವಾಗುವವರೆಗೆ ರಜೆ ಕೊಡಿ’ ಎಂದಿತ್ತು. ಕಂಪನಿಯವರು ಅದನ್ನು ಹಿಂದಿರುಗಿಸಿದರು. ಎಷ್ಟು ದಿನವೆಂದು ತಿಳಿಯದಿದ್ದರೆ ಸಂಬಳದ ಲೆಕ್ಕವನ್ನಾಗಲಿ, ಬದಲಿ ವ್ಯವಸ್ಥೆಯನ್ನಾಗಲಿ ಅವರು ಮಾಡಲಾರರು. ಮಂಜೂರಾದ ರಜೆ ಮುಗಿಯಲು ಎರಡೇ ದಿನ ಉಳಿದಿತ್ತು. ಆಮೇಲೆ ಗೈರುಹಾಜರಿ ಬೀಳುತ್ತಿತ್ತು. ಮತ್ತೆ ಹೀಗೆ ಬರೆದುಕೊಟ್ಟೆ, ಅಣ್ಣ ಸಹಿ ಹಾಕಿದ:

ಇವರಿಗೆ,
ವ್ಯವಸ್ಥಾಪಕರು, ಮಾನವ ಸಂಪನ್ಮೂಲ ವಿಭಾಗ

ಮಾನ್ಯರೇ,

ವಿಷಯ: ವೈದ್ಯಕೀಯ ರಜೆ ವಿಸ್ತರಣೆ ಕೋರಿ.

ಕಾಲಿನ ಮೂಳೆ ಮುರಿದಿರುವುದರಿಂದ ನನಗೆ ಜೂನ್ 30ರವರೆಗೆ ರಜೆ ಮಂಜೂರಾಗಿದೆ. ವೈದ್ಯರು ಇನ್ನೂ 30 ದಿನಗಳ ವಿಶ್ರಾಂತಿ ಸೂಚಿಸಿದ್ದಾರೆ. ಆದ್ದರಿಂದ ಜುಲೈ 1ರಿಂದ 30ರವರೆಗೆ ರಜೆ ವಿಸ್ತರಿಸಬೇಕೆಂದು ವಿನಂತಿಸುತ್ತೇನೆ. ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿದ್ದೇನೆ. ಜುಲೈ 31ರಂದು ಫಿಟ್‌ನೆಸ್ ಪ್ರಮಾಣಪತ್ರದೊಂದಿಗೆ ಕೆಲಸಕ್ಕೆ ಹಾಜರಾಗುವೆನು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ
(ಸಹಿ, ಹೆಸರು, ನೌಕರರ ಸಂಖ್ಯೆ, ದಿನಾಂಕ)

ಈ ಸಲ ರಜೆ ಮಂಜೂರಾಯಿತು. ಕಳುಹಿಸುವ ಮುನ್ನ ನಾನು ಬೆರಳೆಣಿಸಿ ನೋಡಿದ್ದು ಒಂದೇ: ಮೊದಲ ದಿನವನ್ನೂ ಕೊನೆಯ ದಿನವನ್ನೂ ಸೇರಿಸಿದರೆ ಪ್ರಮಾಣಪತ್ರದಲ್ಲಿರುವಷ್ಟೇ ದಿನಗಳು ಬರುತ್ತವೆಯೇ ಎಂದು. ನೋವಿನ ವಿವರ ವೈದ್ಯರ ಚೀಟಿಯಲ್ಲಿರುತ್ತದೆ, ಅರ್ಜಿಯಲ್ಲಿ ಬೇಕಿಲ್ಲ.