ಕೃಷಿ ಜಮೀನಿನ ಗೇಣಿ: ಕರ್ನಾಟಕ ಕಾಯ್ದೆ ಮತ್ತು 2016ರ ಮಾದರಿ ಕಾಯ್ದೆ

1. ಗೇಣಿ ಹಣದಲ್ಲೂ ಇರಬಹುದು, ಫಸಲಿನ ಪಾಲಿನಲ್ಲೂ ಇರಬಹುದು. ಬೆಳೆ ಕೈಕೊಟ್ಟರೂ ನಿಗದಿತ ಗೇಣಿ ಕಟ್ಟಬೇಕು. ಪಾಲಿನ ಕರಾರಿನಲ್ಲಿ ನಷ್ಟ ಇಬ್ಬರಿಗೂ ಹಂಚಿಹೋಗುತ್ತದೆ.

2. ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961. ಜಾರಿ: 2 ಅಕ್ಟೋಬರ್ 1965. ದೇವರಾಜ ಅರಸು ಕಾಲದ ತಿದ್ದುಪಡಿಯಿಂದ 1 ಮಾರ್ಚ್ 1974ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು (ಕಲಂ 44). ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು.

3. ಕಲಂ 5: ಹೊಸ ಗೇಣಿಗೆ ನಿಷೇಧ. ವಿನಾಯಿತಿ ಸೈನಿಕರಿಗೆ ಮತ್ತು ನಾವಿಕರಿಗೆ.

ಗೊಂದಲ ಬೇಡ: 2020ರಲ್ಲಿ ರದ್ದಾದ 79ಎ, 79ಬಿ ಜಮೀನು ಕೊಳ್ಳುವುದಕ್ಕೆ ಸಂಬಂಧಿಸಿದವು, ಗೇಣಿಗಲ್ಲ. ನಿಷೇಧವಿದ್ದರೂ ಹಳ್ಳಿಗಳಲ್ಲಿ ಬಾಯಿಮಾತಿನ ಗೇಣಿ ನಡೆದೇ ಇದೆ. ಪಹಣಿಯಲ್ಲಿ ಹೆಸರಿಲ್ಲದ ಸಾಗುವಳಿದಾರನಿಗೆ ಬೆಳೆಸಾಲ, ವಿಮೆ, ಪರಿಹಾರ ಸಿಗುವುದು ಕಷ್ಟ. ಮುಖ್ಯ ಪರೀಕ್ಷೆಯ ಉತ್ತರದಲ್ಲಿ ಇದನ್ನು ಬಿಡಬೇಡಿ.

4. ಮಾದರಿ ಕೃಷಿ ಭೂ ಗೇಣಿ ಕಾಯ್ದೆ, 2016. ನೀತಿ ಆಯೋಗದ ಟಿ. ಹಕ್ ಸಮಿತಿ ರೂಪಿಸಿದ್ದು.
• ಗೇಣಿ, ಅವಧಿ: ಇಬ್ಬರೂ ಒಪ್ಪಿದಂತೆ.
• ಅವಧಿ ಮುಗಿದಾಗ ಜಮೀನು ಮಾಲೀಕನಿಗೆ ವಾಪಸ್. ಗೇಣಿದಾರನಿಗೆ ಒಡೆತನದ ಹಕ್ಕಿಲ್ಲ.
• ಸುಧಾರಣೆ: ಬಳಕೆಯಾಗದೆ ಉಳಿದ ಹೂಡಿಕೆಯ ಮೌಲ್ಯ ಗೇಣಿದಾರನಿಗೆ ಸಲ್ಲಬೇಕು. ಉದಾಹರಣೆಗೆ, ಮಾಲೀಕನ ಒಪ್ಪಿಗೆಯಿಂದ ಹಾಕಿಸಿದ ಹನಿ ನೀರಾವರಿಗೆ 60,000 ರೂ. ಖರ್ಚು, ಬಾಳಿಕೆ 6 ವರ್ಷ ಎಂದುಕೊಳ್ಳಿ. ಗೇಣಿ 4 ವರ್ಷಕ್ಕೆ ಮುಗಿದರೆ, ಸಮ ಸವಕಳಿಯ ಲೆಕ್ಕದಲ್ಲಿ ಅವನಿಗೆ ಬರಬೇಕಾದದ್ದು 20,000 ರೂ.

5. ಭೂಮಿ ರಾಜ್ಯಪಟ್ಟಿಯ ವಿಷಯ (ನಮೂದು 18). ರಾಜ್ಯ ಶಾಸಕಾಂಗ ಅಳವಡಿಸಿಕೊಳ್ಳದೆ ಮಾದರಿ ಕಾಯ್ದೆ ಜಾರಿಯಾಗದು.