ಫೋಟೋ ಕಾಮಿಕ್: ಮೊದಲು ಮಾತಾಡುವವರು ಎಡಕ್ಕೆ ನಿಲ್ಲಲಿ

ಕೈಯಿಂದ ಚಿತ್ರ ಬರೆಯುವವರು ಪಾತ್ರವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ಫೋಟೋದಿಂದ ಕಾಮಿಕ್ ಮಾಡುವವರಿಗೆ ಆ ಅನುಕೂಲವಿಲ್ಲ. ಒಮ್ಮೆ ಕ್ಲಿಕ್ ಮಾಡಿದ ಮೇಲೆ ಯಾರು ಎಲ್ಲಿ ನಿಂತಿದ್ದಾರೋ ಅಲ್ಲಿಯೇ ಇರುತ್ತಾರೆ. ಆದ್ದರಿಂದ ಮೊದಲು ಸಂಭಾಷಣೆ ಬರೆಯಬೇಕು, ಆಮೇಲೆ ಫೋಟೋ ತೆಗೆಯಬೇಕು.

ನಾಲ್ಕು ಚೌಕಟ್ಟಿನ ಒಂದು ಸಣ್ಣ ಕಥೆ ತೆಗೆದುಕೊಳ್ಳೋಣ. ಸ್ಥಳ ಮಾಣಿಕನಗರದ ರಸ್ತೆ ಬದಿ. ಹಿಂದೆ 'ಹುಮನಾಬಾದ್' ಎಂಬ ಬೋರ್ಡಿನ ಬಸ್ಸು.

1. ತಮ್ಮ: "ಆಪಾ, ನನ್ನ ಹಳೇ ಸೈಕಲ್ಲಿಗೆ ಗಿರಾಕಿ ಸಿಕ್ಕಾನ!"
2. ತಮ್ಮನ ಕಿವಿಯಲ್ಲಿ ಫೋನು. ಫೋನಿನ ದನಿ: "ಯುಪಿಐ ಪಿನ್ ಹಾಕ್ರಿ, ರೊಕ್ಕ ಬರ್ತದ."
3. ಆಪಾ: "ನಿಲ್ಲು! ರೊಕ್ಕ ಬರಬೇಕಂದ್ರ ಪಿನ್ ಬೇಕಾಗಿಲ್ಲ." ತಮ್ಮ: "ಹಂಗಿದ್ರ ಅವ ಯಾಕ ಕೇಳ್ತಾನ?"
4. ಫೋನಿನ ಹತ್ತಿರದ ಫೋಟೋ. ಆಪಾ: "ಪಿನ್ ಹಾಕಿದ್ರ ನಿನ್ನ ರೊಕ್ಕ ಹೋಗ್ತದ."

ಎರಡು ಮಾತುಗುಳ್ಳೆ ಇರುವುದು ಮೂರನೆಯ ಚೌಕಟ್ಟಿನಲ್ಲಿ ಮಾತ್ರ. ಕನ್ನಡ ಓದುಗರ ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ, ಆದ್ದರಿಂದ ಅಲ್ಲಿ ಮೊದಲು ಮಾತಾಡುವ ಆಪಾ ಎಡಗಡೆ ನಿಲ್ಲಬೇಕು. ಬಲಗಡೆ ನಿಂತರೆ ಏನಾಗುತ್ತದೆ? ಅವಳ ಗುಳ್ಳೆ ಎಡಕ್ಕೆ, ಅವಳ ಬಾಯಿ ಬಲಕ್ಕೆ. ಎರಡು ಗುಳ್ಳೆಗಳ ಬಾಲಗಳು ಒಂದನ್ನೊಂದು ದಾಟುತ್ತವೆ. ಬಾಲಗಳು ದಾಟಿದವೆಂದರೆ ನಿಲ್ಲಿಸಿದ ಜಾಗ ತಪ್ಪಿದೆ ಎಂದೇ ಅರ್ಥ. ಒಂದನೆಯ ಚೌಕಟ್ಟಿನಲ್ಲಿ ತಮ್ಮನೊಬ್ಬನೇ ಮಾತಾಡಿದರೂ ಅಲ್ಲಿಯೂ ಅವನು ಬಲಗಡೆಯೇ ಇರಲಿ. ಇಲ್ಲದಿದ್ದರೆ ಇಬ್ಬರೂ ಯಾವಾಗ ಜಾಗ ಬದಲಿಸಿದರು ಎಂದು ಓದುಗರಿಗೆ ಗೊಂದಲವಾಗುತ್ತದೆ.

ಈಗ ಅಳತೆ. ಎ4 ಹಾಳೆಯ ಅಗಲ 210 ಮಿ.ಮೀ. ಎರಡೂ ಕಡೆ 15 ಮಿ.ಮೀ. ಅಂಚು ಬಿಟ್ಟರೆ 180 ಉಳಿಯುತ್ತದೆ. ನಡುವೆ 4 ಮಿ.ಮೀ. ಸಂದು ಬಿಟ್ಟರೆ ಒಂದು ಸಾಲಿನಲ್ಲಿ 88 ಮಿ.ಮೀ. ಅಗಲದ ಎರಡು ಚೌಕಟ್ಟು ಕೂರುತ್ತವೆ. ಮೊಬೈಲನ್ನು ಅಡ್ಡ ಹಿಡಿದು 4:3 ಅಳತೆಯಲ್ಲಿ ತೆಗೆದ ಫೋಟೋ ಆಗ 66 ಮಿ.ಮೀ. ಎತ್ತರ ಬರುತ್ತದೆ. ಎರಡು ಸಾಲು ಸೇರಿ 136 ಮಿ.ಮೀ., ಅಂದರೆ ಅರ್ಧ ಪುಟಕ್ಕಿಂತ ಸ್ವಲ್ಪ ಕಡಿಮೆ.

ಫೋಟೋ ತೆಗೆಯುವಾಗ ಮೇಲಿನ ಮೂರನೆಯ ಒಂದು ಭಾಗ, ಅಂದರೆ 22 ಮಿ.ಮೀ., ಖಾಲಿ ಬಿಡಿ. ಅಲ್ಲಿ ಆಕಾಶ ಅಥವಾ ಗೋಡೆ ಇರಲಿ, ತಲೆ ಬೇಡ. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲಿನ ಅಂತರ ಇಟ್ಟರೆ ಮೂರು ಸಾಲಿಗೆ ಸುಮಾರು 17 ಮಿ.ಮೀ. ಬೇಕು. ಉಳಿದದ್ದು ಗುಳ್ಳೆಯ ಒಳಗಿನ ಖಾಲಿ ಜಾಗ.

ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲುವುದಿಲ್ಲ, ಏಕೆಂದರೆ ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಸಾಲುಗಳು ಹತ್ತಿರವಾದರೆ 'ರೊಕ್ಕ'ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪದವನ್ನು ನಡುವೆ ಮುರಿಯದೆ, ಉಸಿರು ನಿಲ್ಲುವ ಕಡೆ ಸಾಲು ಮುರಿಯಿರಿ: "ನಿಲ್ಲು! / ರೊಕ್ಕ ಬರಬೇಕಂದ್ರ / ಪಿನ್ ಬೇಕಾಗಿಲ್ಲ." ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, 'ನಿಲ್ಲು!' ಎಂಬುದನ್ನು ದಪ್ಪ ಅಕ್ಷರದಲ್ಲಿಟ್ಟರೆ ಜೋರು ದನಿ ಕೇಳಿಸುತ್ತದೆ.

LibreOffice Draw ಉಚಿತವಾಗಿ ಸಿಗುತ್ತದೆ. ಅಕ್ಷರಕ್ಕೆ Noto Sans Kannada ಸಾಕು. ಗುಳ್ಳೆಯ ಒಳಗೆ ಬಿಳಿ ಬಣ್ಣ ತುಂಬಿ, ಸುತ್ತ ತೆಳು ಕಪ್ಪು ಗೆರೆ ಹಾಕಿ. ಬಾಲ ಬಾಯಿಯ ಕಡೆಗೆ ತಿರುಗಲಿ, ಆದರೆ ಮುಖವನ್ನು ಮುಟ್ಟದೆ ಅರ್ಧ ದಾರಿಯಲ್ಲೇ ನಿಲ್ಲಲಿ. ಎರಡನೆಯ ಚೌಕಟ್ಟಿನ ದನಿಗೆ ಮಾತ್ರ ಅಂಕುಡೊಂಕಾದ ಗೆರೆಯ ಗುಳ್ಳೆ. ಅದರ ಬಾಲ ತಮ್ಮನ ಬಾಯಿಗಲ್ಲ, ಫೋನಿಗೆ.

ಇದೇ ಕಥೆ ಉರ್ದುವಿನಲ್ಲೂ ಬೇಕೆಂದರೆ? ಮನೆಯಲ್ಲಿ ಉರ್ದು ಓದುವ ನಮ್ಮಂಥವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಉರ್ದು ಬಲದಿಂದ ಎಡಕ್ಕೆ ಸಾಗುವುದರಿಂದ ಒಂದನೆಯ ಚೌಕಟ್ಟು ಬಲಕ್ಕೆ ಹೋಗಬೇಕು, ಮೂರನೆಯದರಲ್ಲಿ ಆಪಾ ಬಲಕ್ಕೆ ಬರಬೇಕು. ಫೋಟೋವನ್ನೇ ಕನ್ನಡಿಯಂತೆ ತಿರುಗಿಸಿದರೆ ಸುಲಭ ಎನಿಸುತ್ತದೆ, ಆದರೆ ಬಸ್ಸಿನ ಬೋರ್ಡು ಉಲ್ಟಾ ಆಗುತ್ತದೆ. ಬಲದಿಂದ ಎಡಕ್ಕೆ ಓದುವ ಜಪಾನಿನ ಮಾಂಗಾ ಕಾಮಿಕ್‌ಗಳನ್ನು ಇಂಗ್ಲಿಷಿಗೆ ತರುವಾಗ ಹಿಂದೆ ಹೀಗೆ ತಿರುಗಿಸುತ್ತಿದ್ದರು. ಬಲಗೈಯಲ್ಲಿ ಕತ್ತಿ ಹಿಡಿದವರೆಲ್ಲ ಎಡಗೈಯವರಾದರು. ಈಗ ಹೆಚ್ಚಿನವರು ತಿರುಗಿಸದೆ ಮೂಲದ ಕ್ರಮದಲ್ಲೇ ಅಚ್ಚು ಹಾಕುತ್ತಾರೆ. ನಮಗೆ ಇನ್ನೂ ಸುಲಭ: ಅಲ್ಲೇ ನಿಂತಿರುವಾಗ ಇಬ್ಬರ ಜಾಗ ಬದಲಿಸಿ ಒಂದು ಮತ್ತು ಮೂರನೆಯ ಫೋಟೋ ಇನ್ನೊಮ್ಮೆ ತೆಗೆಯಬೇಕು. ಎರಡು ಮತ್ತು ನಾಲ್ಕನೆಯವು ಎರಡೂ ಭಾಷೆಗೆ ನಡೆಯುತ್ತವೆ.

ಫೋಟೋದಲ್ಲಿ ಬೀಳುವವರ ಒಪ್ಪಿಗೆ ಕೇಳಿ. ಫೋನಿನ ಪರದೆಯಲ್ಲಿ ನಿಜವಾದ ನಂಬರು ಕಾಣದಂತೆ ನೋಡಿಕೊಳ್ಳಿ. ಕೊನೆಗೆ ಒಂದು ಕಪ್ಪು-ಬಿಳುಪು ಜೆರಾಕ್ಸ್ ತೆಗೆದು, ಕಥೆ ಗೊತ್ತಿಲ್ಲದ ಗೆಳೆಯರೊಬ್ಬರಿಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ತಮ್ಮನ ಪ್ರಶ್ನೆಯನ್ನು ಆಪಾಳ 'ನಿಲ್ಲು!' ಎಂಬ ಮಾತಿಗಿಂತ ಮೊದಲು ಓದಿದರೆ ಗುಳ್ಳೆಗಳ ಜಾಗ ಸರಿಯಿಲ್ಲ. ಅಕ್ಷರ ಗುರುತಿಸಲು ಹಾಳೆಯನ್ನು ಕಣ್ಣಿನ ಹತ್ತಿರ ತಂದರೆ ಅಕ್ಷರ ಚಿಕ್ಕದು.