ಎಂಟು ಊರು, 28 ಜೋಡಿ: ಮರ್ಜ್ ಸಾರ್ಟ್‌ನಿಂದ ತಪ್ಪು ಎಣಿಸುವ ಪಾಠ

ಕಳೆದ ತಿಂಗಳು ನಮ್ಮ ತರಗತಿಯಲ್ಲಿ ಒಂದು ಚಿಕ್ಕ ಕ್ವಿಜ್ ಇತ್ತು. ಪ್ರಶ್ನೆ ಕೇಳಿದ್ದು ನಾನು, ಉತ್ತರ ತಿದ್ದಿದ್ದೂ ನಾನೇ. ಒಂದು ಪ್ರಶ್ನೆ ಹೀಗಿತ್ತು: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ಈ ಎಂಟು ಊರುಗಳು ಯಾವ ಕ್ರಮದಲ್ಲಿ ಸಿಗುತ್ತವೆ? ಸರಿಯಾದ ಕ್ರಮ: 1 ಬ್ರಹ್ಮಾವರ, 2 ಸಾಲಿಗ್ರಾಮ, 3 ಕೋಟ, 4 ಕೋಟೇಶ್ವರ, 5 ಕುಂದಾಪುರ, 6 ಹೆಮ್ಮಾಡಿ, 7 ಮರವಂತೆ, 8 ಬೈಂದೂರು.

ಸರಿಯಾದ ಜಾಗದಲ್ಲಿರುವ ಪ್ರತಿ ಊರಿಗೆ ಒಂದು ಅಂಕ ಎಂದು ನಾನು ಲೆಕ್ಕ ಹಾಕಿದೆ. ಒಬ್ಬ ಗೆಳೆಯ ಎಲ್ಲವನ್ನೂ ಸರಿಯಾಗಿ ಬರೆದಿದ್ದ. ಆದರೆ ಬ್ರಹ್ಮಾವರ ಮರೆತುಹೋಗಿ ಅದನ್ನು ಕೊನೆಯಲ್ಲಿ ಸೇರಿಸಿದ್ದ. ಅವನ ಉತ್ತರ 2 3 4 5 6 7 8 1. ಯಾವ ಊರೂ ಅದರ ಜಾಗದಲ್ಲಿಲ್ಲ, ಆದ್ದರಿಂದ ಸೊನ್ನೆ. ಇನ್ನೊಬ್ಬ ಬೈಂದೂರನ್ನು ಮೊದಲೂ ಬ್ರಹ್ಮಾವರವನ್ನು ಕೊನೆಗೂ ಬರೆದಿದ್ದ: 8 2 3 4 5 6 7 1. ಅವನಿಗೆ 6 ಅಂಕ ಬಂತು.

“ಎಂತ ಮಾರಾಯಾ, ಒಂದು ಊರು ಮರೆತದ್ದಕ್ಕೆ ಸೊನ್ನೆಯಾ?” ಎಂದು ಮೊದಲಿನವನು ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಬಂದು ಯೋಚಿಸಿದಾಗ ಅವನ ಮಾತು ಸರಿ ಎನಿಸಿತು. ತಪ್ಪನ್ನು ನಾನು ಅಳೆದ ಕೋಲೇ ಸರಿಯಿರಲಿಲ್ಲ.

ಉಲ್ಟಾ ಜೋಡಿ ಎಂದರೇನು?

ಜಾಗವನ್ನು ಬಿಟ್ಟು ಜೋಡಿಗಳನ್ನು ನೋಡೋಣ. ಎಂಟು ಊರುಗಳಲ್ಲಿ ಎರಡೆರಡು ಆರಿಸಿದರೆ 8 × 7 ÷ 2 = 28 ಜೋಡಿಗಳು. ಪ್ರತಿ ಜೋಡಿಗೂ ಒಂದೇ ಪ್ರಶ್ನೆ: ಮೊದಲು ಬರಬೇಕಾದದ್ದು ಮೊದಲೇ ಬಂದಿದೆಯೇ? ದೊಡ್ಡ ಸಂಖ್ಯೆ ಚಿಕ್ಕದಕ್ಕಿಂತ ಮುಂಚೆ ಬಂದಿದ್ದರೆ ಆ ಜೋಡಿ ತಿರುಗಿದೆ. ಇದಕ್ಕೆ ಕಂಪ್ಯೂಟರ್ ಸೈನ್ಸ್‌ನಲ್ಲಿ ಇನ್ವರ್ಷನ್ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲೂ ಹೊರಗೆ ಆಡುವ ಕನ್ನಡದಲ್ಲೂ ಇದಕ್ಕೆ ಒಂದೇ ಮಾತಿದೆ: ಉಲ್ಟಾ. ಹಾಗಾಗಿ ನಾನು ಉಲ್ಟಾ ಜೋಡಿ ಎಂದೇ ಕರೆಯುತ್ತೇನೆ.

ಬ್ರಹ್ಮಾವರ ಮರೆತವನ ಉತ್ತರದಲ್ಲಿ 1ರ ಮುಂದೆ ಏಳು ದೊಡ್ಡ ಸಂಖ್ಯೆಗಳಿವೆ. ಉಲ್ಟಾ ಜೋಡಿ 7, ಅಷ್ಟೇ. ಎರಡನೆಯವನ ಉತ್ತರದಲ್ಲಿ 8 ಉಳಿದ ಏಳರ ಜೊತೆಗೂ ಉಲ್ಟಾ, 1 ಮತ್ತೆ ಆರರ ಜೊತೆ ಉಲ್ಟಾ. ಒಟ್ಟು 13. ಅಂದರೆ ಸೊನ್ನೆ ಪಡೆದವನ ತಪ್ಪು, ಆರು ಪಡೆದವನ ತಪ್ಪಿನ ಸುಮಾರು ಅರ್ಧ.

ಈಗ ಮೂರನೆಯ ಕಾಗದ: 5 2 7 1 8 4 3 6. ಇದರಲ್ಲಿ ಉಲ್ಟಾ ಎಷ್ಟು? ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ. ಮರ್ಜ್ ಸಾರ್ಟ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಎರಡು ಕಟ್ಟು ಬಿಲ್ಲು

ನಮ್ಮ ಪಾಠದಲ್ಲಿ ಬಬಲ್ ಸಾರ್ಟ್ ಇದೆ. ಅದು ಅಕ್ಕಪಕ್ಕದ ಎರಡು ಸಂಖ್ಯೆ ಉಲ್ಟಾ ಇದ್ದರೆ ಅದಲು ಬದಲು ಮಾಡುತ್ತದೆ. ಪ್ರತಿ ಅದಲು ಬದಲಿಗೆ ಒಂದು ಉಲ್ಟಾ ಜೋಡಿ ಮಾತ್ರ ಸರಿಯಾಗುತ್ತದೆ. ಆದ್ದರಿಂದ ಎಷ್ಟು ಉಲ್ಟಾ ಇವೆಯೋ ಅಷ್ಟು ಸಲ ಬದಲಿಸಲೇಬೇಕು.

ಮರ್ಜ್ ಸಾರ್ಟ್‌ನ ದಾರಿ ಬೇರೆ. ಇದನ್ನು 1945ರಲ್ಲಿ ಜಾನ್ ವಾನ್ ನಾಯ್ಮನ್ ರೂಪಿಸಿದರು. ವಾಣಿಜ್ಯ ವಿಭಾಗದವರಿಗೆ ಇದು ಹೊಸದಲ್ಲ. ಅಂಗಡಿಯ ಎರಡು ಕಟ್ಟು ಬಿಲ್ಲುಗಳು, ಎರಡೂ ತಾರೀಕಿನ ಕ್ರಮದಲ್ಲಿವೆ ಎಂದುಕೊಳ್ಳಿ. ಒಂದೇ ಕಟ್ಟು ಮಾಡಲು ಎರಡರ ಮೇಲಿನ ಬಿಲ್ಲು ಮಾತ್ರ ನೋಡುತ್ತೇವೆ, ಹಳೆಯ ತಾರೀಕಿನದನ್ನು ತೆಗೆದು ಕೆಳಗಿಡುತ್ತೇವೆ. ಒಳಗಿನ ಬಿಲ್ಲುಗಳನ್ನು ಕೆದಕುವ ಅಗತ್ಯವೇ ಇಲ್ಲ. ಇದೇ ಮರ್ಜ್. ಕ್ರಮವಿಲ್ಲದ ಪಟ್ಟಿಯನ್ನು ಎರಡು ಭಾಗ ಮಾಡಿ, ಪ್ರತಿ ಭಾಗವನ್ನು ಇದೇ ರೀತಿ ಸರಿಪಡಿಸಿ, ಕೊನೆಗೆ ಮರ್ಜ್ ಮಾಡಿದರೆ ಮರ್ಜ್ ಸಾರ್ಟ್ ಆಯಿತು.

ಎಣಿಕೆ ಮರ್ಜ್ ಮಾಡುವಾಗಲೇ ಆಗುತ್ತದೆ. ಬಲಗಡೆಯ ಕಟ್ಟಿನಿಂದ ಒಂದು ಚೀಟಿ ತೆಗೆದಿರಿ ಎಂದರೆ, ಅದು ಎಡಗಡೆ ಮೇಲಿರುವ ಚೀಟಿಗಿಂತ ಚಿಕ್ಕದು. ಎಡಗಡೆ ಕ್ರಮದಲ್ಲಿರುವುದರಿಂದ ಅಲ್ಲಿ ಉಳಿದ ಎಲ್ಲ ಚೀಟಿಗಳೂ ಅದಕ್ಕಿಂತ ದೊಡ್ಡವು. ಹಾಗಾಗಿ ಎಡಗಡೆ ಎಷ್ಟು ಉಳಿದಿವೆಯೋ ಅಷ್ಟು ಉಲ್ಟಾ ಜೋಡಿಗಳು ಒಂದೇ ನೋಟಕ್ಕೆ ಸಿಕ್ಕವು. ಒಂದೊಂದನ್ನು ಮುಟ್ಟಿ ಎಣಿಸಬೇಕಾಗಿಲ್ಲ.

ಎಡ ಬಲ ಭಾಗಗಳನ್ನು ಮೊದಲೇ ಜೋಡಿಸಿಬಿಟ್ಟರೆ ಲೆಕ್ಕ ಕೆಡುವುದಿಲ್ಲವೇ ಎಂದು ನನಗೂ ಸಂಶಯ ಬಂದಿತ್ತು. ಕೆಡುವುದಿಲ್ಲ. ಎಡಭಾಗದ ಒಳಗಿನ ಉಲ್ಟಾಗಳನ್ನು ಅಲ್ಲೇ ಎಣಿಸಿ ಆಗಿರುತ್ತದೆ. ಒಳಗೆ ಎಷ್ಟು ಜೋಡಿಸಿದರೂ ಎಡದ ಚೀಟಿ ಎಡದಲ್ಲೇ, ಬಲದ್ದು ಬಲದಲ್ಲೇ ಇರುತ್ತದೆ. ಆದ್ದರಿಂದ ಎರಡು ಭಾಗಗಳ ನಡುವಿನ ಉಲ್ಟಾಗಳ ಸಂಖ್ಯೆ ಬದಲಾಗುವುದಿಲ್ಲ.

ಮೂರನೆಯ ಕಾಗದ

5 2 7 1 8 4 3 6 ಎಂಬುದನ್ನು ನಡುವೆ ಒಡೆಯೋಣ.

ಎಡಭಾಗ 5 2 7 1. ಇದನ್ನೂ ಒಡೆದರೆ 5 2 ಮತ್ತು 7 1. ಎರಡರಲ್ಲೂ ಒಂದೊಂದು ಉಲ್ಟಾ. ಈಗ 2 5 ಮತ್ತು 1 7 ಅನ್ನು ಮರ್ಜ್ ಮಾಡುತ್ತೇವೆ. ಮೊದಲು ಬಲದಿಂದ 1 ಬರುತ್ತದೆ, ಆಗ ಎಡದಲ್ಲಿ ಎರಡು ಉಳಿದಿವೆ, ಉಲ್ಟಾ 2. ನಂತರ 2, 5, 7. ಎಡಭಾಗದ ಒಟ್ಟು 4, ಕ್ರಮ 1 2 5 7.

ಬಲಭಾಗ 8 4 3 6. ಒಡೆದರೆ 8 4ರಲ್ಲಿ ಒಂದು ಉಲ್ಟಾ, 3 6ರಲ್ಲಿ ಇಲ್ಲ. ಈಗ 4 8 ಮತ್ತು 3 6. ಬಲದಿಂದ 3 ಬಂದಾಗ ಎಡದಲ್ಲಿ ಎರಡು, ಉಲ್ಟಾ 2. ನಂತರ 4. ಬಲದಿಂದ 6 ಬಂದಾಗ ಎಡದಲ್ಲಿ 8 ಒಂದೇ, ಉಲ್ಟಾ 1. ಬಲಭಾಗದ ಒಟ್ಟು 4, ಕ್ರಮ 3 4 6 8.

ಕೊನೆಯ ಮರ್ಜ್: 1 2 5 7 ಮತ್ತು 3 4 6 8. ಎಡದಿಂದ 1, 2 ಬರುತ್ತವೆ. ಬಲದ 3 ಬಂದಾಗ ಎಡದಲ್ಲಿ 5, 7 ಉಳಿದಿವೆ, ಉಲ್ಟಾ 2. ಬಲದ 4 ಬಂದಾಗಲೂ 2. ನಂತರ ಎಡದ 5. ಬಲದ 6 ಬಂದಾಗ 7 ಮಾತ್ರ ಉಳಿದಿದೆ, ಉಲ್ಟಾ 1. ಒಟ್ಟು 5.

4 + 4 + 5 = 13. ಎರಡನೆಯ ಕಾಗದದಷ್ಟೇ ತಪ್ಪು. ಆದರೆ ನನ್ನ ಹಳೆಯ ಲೆಕ್ಕದಲ್ಲಿ ಅದಕ್ಕೆ 6 ಅಂಕ, ಇದಕ್ಕೆ ಸಾಲಿಗ್ರಾಮದ ಒಂದೇ ಅಂಕ.

ಪೈಥಾನ್‌ನಲ್ಲಿ ಇಷ್ಟೇ:

```
def count(a):
    if len(a) <= 1:
        return a, 0
    m = len(a) // 2
    L, x = count(a[:m])
    R, y = count(a[m:])
    out, i, j, z = [], 0, 0, 0
    while i < len(L) and j < len(R):
        if L[i] <= R[j]:
            out.append(L[i]); i += 1
        else:
            out.append(R[j]); j += 1
            z += len(L) - i
    return out + L[i:] + R[j:], x + y + z
```

`z += len(L) - i` ಎಂಬ ಸಾಲೇ ಎಡದಲ್ಲಿ ಉಳಿದ ಚೀಟಿಗಳ ಲೆಕ್ಕ.

ಕೆಲಸ ಎಷ್ಟು?

ಒಂದು ಚೀಟಿಯನ್ನು ಹೊಸ ಸಾಲಿಗೆ ಇಡುವುದು ಒಂದು ಕೆಲಸ ಎಂದುಕೊಳ್ಳೋಣ. n ಚೀಟಿಗಳಿಗೆ ಬೇಕಾದ ಕೆಲಸ T(n) ಆದರೆ, ಎರಡು ಅರ್ಧಗಳ ಕೆಲಸ ಮತ್ತು ಕೊನೆಯ ಮರ್ಜ್‌ನ n ಕೆಲಸ ಸೇರುತ್ತವೆ:

```
T(n) = 2T(n/2) + n,   T(1) = 0
```

ಇಂಥ ಸಮೀಕರಣಕ್ಕೆ ರಿಕರೆನ್ಸ್ ಎನ್ನುತ್ತಾರೆ. ಬಿಡಿಸಲು ಒಂದು ಮರ ಬರೆಯುವುದೇ ಸುಲಭ. ಇದೇ ರಿಕರ್ಷನ್ ಟ್ರೀ. ಪ್ರತಿ ಗಂಟಿನಲ್ಲಿ ಅಲ್ಲಿಯ ಮರ್ಜ್‌ನ ಕೆಲಸ ಬರೆಯಬೇಕು.

```
ಮಟ್ಟ 0:  8                  = 8
ಮಟ್ಟ 1:  4 + 4              = 8
ಮಟ್ಟ 2:  2 + 2 + 2 + 2      = 8
```

ಕೆಳಗಿಳಿದಂತೆ ಗಂಟುಗಳು ಇಮ್ಮಡಿಯಾಗುತ್ತವೆ, ಪ್ರತಿ ಗಂಟಿನ ಕೆಲಸ ಅರ್ಧವಾಗುತ್ತದೆ. ಆದ್ದರಿಂದ ಪ್ರತಿ ಮಟ್ಟದ ಮೊತ್ತ ಅದೇ 8. ಎಂಟನ್ನು ಒಂದಾಗುವವರೆಗೆ ಮೂರು ಸಲ ಅರ್ಧ ಮಾಡಬಹುದು, ಹಾಗಾಗಿ ಮೂರು ಮಟ್ಟ. ಒಟ್ಟು 24. ಸಾಮಾನ್ಯವಾಗಿ n ಅನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅಷ್ಟು ಮಟ್ಟ. ಅದೇ log₂ n. ಹೀಗೆ T(n) = n log₂ n.

28 ಜೋಡಿ ನೋಡುವ ಬದಲು 24 ಕೆಲಸ ಎಂದರೆ ದೊಡ್ಡ ಲಾಭವೇನೂ ಅಲ್ಲ. ಎಂಟು ಊರಿಗೆ ಕೈಯಲ್ಲೇ ಎಣಿಸಿದರೂ ಸಾಕು. ಆದರೆ 1024 ಹೆಸರುಗಳಿದ್ದರೆ ಜೋಡಿಗಳು 5,23,776. ಮರ್ಜ್ ಸಾರ್ಟ್‌ಗೆ 1024 × 10 = 10,240.

ಈ ಲಾಭ ಬರೀ ಒಡೆದದ್ದರಿಂದ ಬಂತೇ? ಅದನ್ನೂ ಮರವೇ ಹೇಳುತ್ತದೆ. ಒಡೆದ ಮೇಲೆ ಭಾಗಗಳನ್ನು ಜೋಡಿಸದೆ, ಎಡದ ಪ್ರತಿ ಚೀಟಿಯನ್ನು ಬಲದ ಪ್ರತಿ ಚೀಟಿಗೆ ಹೋಲಿಸಿದರೆ ಮೇಲಿನ ಮಟ್ಟದಲ್ಲಿ 4 × 4 = 16, ಮುಂದಿನದರಲ್ಲಿ 2 ಸಲ 2 × 2, ಅಂದರೆ 8, ಕೊನೆಯದರಲ್ಲಿ 4. ಮೊತ್ತ 16 + 8 + 4 = 28. ಮೊದಲಿನಷ್ಟೇ! ಲಾಭ ಕೊಟ್ಟದ್ದು ಒಡೆಯುವುದಲ್ಲ. ಎರಡೂ ಭಾಗ ಕ್ರಮದಲ್ಲಿರುವುದರಿಂದ ಒಂದು ಹೋಲಿಕೆ ಹಲವು ಜೋಡಿಗಳನ್ನು ಒಟ್ಟಿಗೆ ತೀರ್ಮಾನಿಸುತ್ತದೆ, ಲಾಭ ಇರುವುದು ಅಲ್ಲಿ.

ನಾನು ಮಾಡಿದ ತಪ್ಪು

ಮೊದಲ ಸಲ ಕೋಡ್ ಬರೆದಾಗ ನಾನು `z += 1` ಎಂದು ಹಾಕಿದ್ದೆ. ಪಟ್ಟಿ ಸರಿಯಾಗಿಯೇ ಜೋಡಣೆಯಾಗುತ್ತಿತ್ತು, ಆದ್ದರಿಂದ ತಪ್ಪು ಕಾಣಲಿಲ್ಲ. ಅದನ್ನು ಹಿಡಿದುಕೊಟ್ಟದ್ದು ನಮ್ಮ ದಾದಿ. ಮನೆಯಲ್ಲಿ ಚೀಟಿಗಳನ್ನು 1ರಿಂದ 8ರವರೆಗೆ ನೆಲದ ಮೇಲೆ ಸಾಲಾಗಿಟ್ಟಿದ್ದೆ. ದಾದಿಗೆ ಕನ್ನಡ ಓದಲು ಬರುವುದಿಲ್ಲವೆಂದು ಊರುಗಳ ಹೆಸರನ್ನು ಉರ್ದುವಿನಲ್ಲೂ ಬರೆದಿದ್ದೆ. ಅವರು ಉರ್ದು ಓದುವ ಅಭ್ಯಾಸದಂತೆ ಬಲದಿಂದ ಶುರು ಮಾಡಿ “ಬೈಂದೂರು, ಮರವಂತೆ...” ಎಂದು ಓದುತ್ತಾ ಹೋದರು. ಪೂರ್ತಿ ಉಲ್ಟಾ! 28 ಜೋಡಿಗಳೂ ತಿರುಗಿದ ಪಟ್ಟಿ. ಅದನ್ನೇ ಕೋಡ್‌ಗೆ ಕೊಟ್ಟೆ. ಉತ್ತರ 12 ಬಂತು. 28 ಬರಬೇಕಿತ್ತು. ಪೂರ್ತಿ ತಿರುಗಿಸಿದ ಪಟ್ಟಿ ಯಾವಾಗಲೂ ಒಳ್ಳೆಯ ಪರೀಕ್ಷೆ.

ಇನ್ನೊಂದು ಎಚ್ಚರ `<=` ಗುರುತಿನದು. ಎರಡು ಸಂಖ್ಯೆ ಸಮವಾಗಿದ್ದರೆ ಅದು ಉಲ್ಟಾ ಅಲ್ಲ. ಅಲ್ಲಿ `<` ಹಾಕಿದರೆ 5 5 ಎಂಬ ಪಟ್ಟಿಗೂ 1 ಎಂದು ತೋರಿಸುತ್ತದೆ. 0 ಬರಬೇಕು.

ಈ ಅಳತೆಗೂ ಮಿತಿ ಇದೆ. ಹತ್ತಿರದ ಸಾಲಿಗ್ರಾಮ, ಕೋಟ ತಿರುಗಿದರೂ ದೂರದ ಬ್ರಹ್ಮಾವರ, ಬೈಂದೂರು ತಿರುಗಿದರೂ ಅದು ಒಂದೊಂದೇ ಜೋಡಿ ಎಂದು ಎಣಿಸುತ್ತದೆ. ಎಷ್ಟು ಕಿಲೋಮೀಟರ್ ತಪ್ಪಿತು ಎಂದು ಅದು ಹೇಳುವುದಿಲ್ಲ. ಕ್ರಮ ಎಷ್ಟು ತಪ್ಪಿತು ಎಂದಷ್ಟೇ ಹೇಳುತ್ತದೆ. ನನ್ನ ಪ್ರಶ್ನೆ ಕ್ರಮದ್ದೇ ಆಗಿತ್ತು.

ಮರುದಿನ 28ರಲ್ಲಿ ಉಲ್ಟಾ ಜೋಡಿಗಳನ್ನು ಕಳೆದು ಹೊಸ ಅಂಕ ಬರೆದೆ: 21, 15, 15. ಆರು ಪಡೆದಿದ್ದ ಗೆಳೆಯ ಒಪ್ಪಲಿಲ್ಲ. ಜೋಡಿಗಳನ್ನು ಅವನೇ ಕುಳಿತು ಎಣಿಸಿದ ಮೇಲೆ ಕಾಗದ ಹಿಂದಿರುಗಿಸಿದ. ಸೊನ್ನೆ ಪಡೆದಿದ್ದವನ ಹತ್ತಿರ ನಾನು ಕ್ಷಮೆ ಕೇಳಿದೆ.

ನಾಲ್ಕನೆಯ ಕಾಗದ ನಿಮಗೆ: 4 1 3 2 6 8 5 7. ಚೀಟಿ ಮಾಡಿಕೊಂಡು ಎಣಿಸಿ. ಒಟ್ಟು 7 ಬಂದು, ಕೊನೆಯ ಮರ್ಜ್‌ನಲ್ಲಿ 0 ಬಂದರೆ ನಿಮ್ಮ ಲೆಕ್ಕ ಸರಿ. ಆ 0 ಏಕೆ ಬಂತು ಎಂದು ನಿಮ್ಮ ಪಕ್ಕದಲ್ಲಿ ಕೂರುವವರಿಗೆ ವಿವರಿಸಿ ನೋಡಿ.